ಸಾಲಾಗಿ ಬರೆದ ಕ್ವಿಜ್ ಅನ್ನು ಪ್ರಶ್ನೆ, ನಾಲ್ಕು ಆಯ್ಕೆ, ಉತ್ತರ ಅಂತ ಕಾಲಂ ಮಾಡಿದೆ. ಗೋಕಾಕ ಜಲಪಾತ ಭೀಮಾ ನದಿಗೆ ಹೋಗಿ ಕೂತಿದೆ

ಬಾದಾಮಿ ಟೀಚರ್

ಎಲ್ಲರಿಗೂ ನಮಸ್ಕಾರ. ಬಾದಾಮಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಿರಿಯ ಮಾಸ್ತರರೊಬ್ಬರು ನಿವೃತ್ತರಾಗುವಾಗ, ವರ್ಷಗಟ್ಟಲೆ ಕೂಡಿಸಿದ್ದ ಕ್ವಿಜ್ ಫೈಲನ್ನು ನನ್ನ ಕೈಗೆ ಕೊಟ್ಟು ಹೋದರು. ಒಟ್ಟು 118 ಪ್ರಶ್ನೆ, ಹೆಚ್ಚುಕಡಿಮೆ ಎಲ್ಲವೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವೇ. ಇದನ್ನು ಶೀಟಿಗೆ ಹಾಕಿಕೊಂಡರೆ ಪ್ರತಿ ಶನಿವಾರ ಬೇಕಾದ ಹತ್ತು ಪ್ರಶ್ನೆ ಆರಿಸಿಕೊಳ್ಳಬಹುದು ಅಂತ ಕೂತೆ. ಒಂದು ಸಾಲಿಗೆ ಒಂದು ಪ್ರಶ್ನೆ, ಪಕ್ಕದಲ್ಲಿ ನಾಲ್ಕು ಆಯ್ಕೆ, ಕೊನೆಗೆ ಉತ್ತರ. ಇಷ್ಟೇ ಬೇಕಿತ್ತು.

ಫೈಲ್ ನುಡಿ ಫಾಂಟಿನಲ್ಲಿತ್ತು. ಆನ್‌ಲೈನ್ ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಒಳಗೆ ಮೂರು ಥರ ಇದೆ. ಒಂದೊಂದು ಮಾದರಿ ಇದ್ದ ಹಾಗೆಯೇ ಹಾಕುತ್ತೇನೆ.

1ರಿಂದ 60ರವರೆಗೆ ಹೀಗೆ:

```
ಐಹೊಳೆಯ ಮೇಗುಟಿ ಬಸದಿಯ ಶಾಸನ ರಚಿಸಿದ ಕವಿ ಯಾರು ಅ) ಪಂಪ ಆ) ರವಿಕೀರ್ತಿ ಇ) ರನ್ನ ಈ) ಪೊನ್ನ
```

61ರಿಂದ 80ರವರೆಗೆ ಹೀಗೆ:

```
ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ನಡೆದ ಊರು ಂ) ಬೆಳಗಾವಿ ಃ) ಕಾಕಿನಾಡ ಅ) ಲಾಹೋರ್ ಆ) ಕರಾಚಿ
```

81ರಿಂದ ಕೊನೆಯವರೆಗೆ ಹೀಗೆ:

```
ಗೋಳಗುಮ್ಮಟ ಯಾರ ಸಮಾಧಿ? ಯೂಸುಫ್ ಆದಿಲ್ ಶಾ, ಮೊಹಮ್ಮದ್ ಆದಿಲ್ ಶಾ, ಇಬ್ರಾಹಿಂ ಆದಿಲ್ ಶಾ, ಅಲಿ ಆದಿಲ್ ಶಾ (ಎರಡನೆಯದು)
```

ಮೊದಲ 80 ಪ್ರಶ್ನೆಗಳ ಕೀ ಉತ್ತರ ಕೊನೆಯ ಪುಟದಲ್ಲಿ ಒಂದೇ ಪ್ಯಾರಾ: 1-ಆ, 2-ಈ, 3-ಅ, ಹೀಗೆ. ಅಲ್ಪವಿರಾಮದ ಮೇಲೆ ಒಡೆದು ಶೀಟಿನಲ್ಲಿ ಮೇಲಿಂದ ಕೆಳಗೆ ಅಂಟಿಸಿದೆ. ಎಲ್ಲ ಚೆಂದ ಕೂತಿತು ಅಂದುಕೊಂಡಿದ್ದೆ. ಮೊನ್ನೆ ಶನಿವಾರ ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತು, "ಟೀಚರ್, ಗೋಕಾಕ ನಮ್ಮ ಸೋದರಮಾವನ ಊರು. ಅಲ್ಲಿರೂದು ಘಟಪ್ರಭಾ" ಅಂದಳು. 52ನೇ ಪ್ರಶ್ನೆ ಅದು. ನನ್ನ ಶೀಟ್ ಭೀಮಾ ಅಂತಿತ್ತು. ಮಾಸ್ತರರು ಅಂಥ ತಪ್ಪು ಮಾಡುವವರಲ್ಲ. ಆದ್ದರಿಂದ ತಪ್ಪು ನನ್ನ ಕೈಯಲ್ಲೇ ಆಗಿದೆ, ಎಲ್ಲಿ ಅಂತ ಸಿಗುತ್ತಿಲ್ಲ. ಎಂಬತ್ತನ್ನೂ ಒಂದೊಂದಾಗಿ ನೋಡಬೇಕೇ? 61ರಿಂದ 80ರಲ್ಲಿ ಆ ಂ) ಃ) ಏನು? ಗೋಳಗುಮ್ಮಟದ್ದಕ್ಕೆ ಉತ್ತರವೇ ಇಲ್ಲವಲ್ಲ, ಅದನ್ನೇನು ಮಾಡಲಿ?

ಟಿಳಕವಾಡಿ ಹುಡುಗ

ಟೀಚರ್, ಕೈಯಿಂದ ಒಡೆಯಬೇಡಿ, ಅಲ್ಲೇ ತಪ್ಪು ನುಸುಳುವುದು. ಪೈಥಾನ್‌ನಲ್ಲಿ ಮೂರು ಸಾಲು ಸಾಕು. ಪ್ರತಿ ಪ್ರಶ್ನೆ ಒಂದು ಸಾಲಿನಲ್ಲಿದೆ ಅಂದುಕೊಂಡು:

```python
parts = re.split(r'\s*\(?[ಅಆಇಈ]\)\s*', line)
if len(parts) != 5:
    print(line)
```

ಪ್ರಶ್ನೆ ಒಂದು, ಆಯ್ಕೆ ನಾಲ್ಕು, ಒಟ್ಟು ಐದು ತುಂಡು ಬರಲೇಬೇಕು. ಐದು ಬರದ ಸಾಲನ್ನು ಅದು ತೋರಿಸುತ್ತದೆ, ಅವನ್ನು ಮಾತ್ರ ಕಣ್ಣಿನಿಂದ ನೋಡಿದರಾಯಿತು. "ಪಟ್ಟಿ (ಅ) ಮತ್ತು ಪಟ್ಟಿ (ಆ) ಹೊಂದಿಸಿ" ಅನ್ನುವಂಥ ಪ್ರಶ್ನೆ ಇದ್ದರೆ ಅಲ್ಲೂ ಒಡೆದು ಏಳು ತುಂಡು ಬರುತ್ತದೆ, ಆದರೆ ಎಣಿಕೆಯಲ್ಲೇ ಸಿಕ್ಕಿಬೀಳುತ್ತದೆ.

ಉತ್ತರದ ಕಾಲಂಗೆ ಅ, ಆ, ಇ, ಈ ಅಕ್ಷರವಷ್ಟೇ ಇಡಿ, ಸಾಕು. 61ರಿಂದ 80ರಲ್ಲಿ ಆ ಂ) ಃ) ಕನ್ವರ್ಟರ್ ಮಾಡಿದ ಗಲಿಬಿಲಿ. ಅ) ಆ) ಸರಿಯಾಗಿ ಉಳಿದಿವೆಯಲ್ಲ, ಅವೇ ಮೊದಲ ಎರಡು ಆಯ್ಕೆ. ಉಳಿದೆರಡು ಇ) ಈ) ಆಗಬೇಕಿತ್ತು, ಜಾಗ ತಪ್ಪಿವೆ. ಹಾಗೆ ತಿದ್ದಿಕೊಳ್ಳಿ.

ವಿಜಯಪುರ ಕೋಚಿಂಗ್

ಮೇಡಂ, ಆಯ್ಕೆ ಅದಲು ಬದಲು ಮಾಡಿ ನಾಲ್ಕು ಸೆಟ್ ಪ್ರಶ್ನೆಪತ್ರಿಕೆ ಮಾಡುವುದು ಹೇಗೆ ಅಂತ ಕೇಳುತ್ತಿದ್ದೀರಿ ಅಂದುಕೊಂಡು ಹೇಳುತ್ತೇನೆ, ಏಕೆಂದರೆ ನಾವು ಅದರಲ್ಲಿ ಸುಟ್ಟುಕೊಂಡಿದ್ದೇವೆ. ಇಲ್ಲಿ ಪಿಎಸ್ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರಿಗೆ ವಾರಕ್ಕೊಂದು ಟೆಸ್ಟ್ ಕೊಡುತ್ತೇವೆ. ಶೀಟಿನಿಂದ ಆಯ್ಕೆಗಳನ್ನು ಕಲಸಿ ಸೆಟ್ ತೆಗೆದಾಗ, "ಮೇಲಿನ ಎಲ್ಲವೂ" ಅನ್ನುವುದು ಮೊದಲ ಆಯ್ಕೆಯಾಗಿ ಬಂತು. ಅದರ ಮೇಲೆ ಏನೂ ಇಲ್ಲ. ಅದಕ್ಕಿಂತ ಕೆಟ್ಟದ್ದು "ಅ ಮತ್ತು ಇ ಮಾತ್ರ" ಅನ್ನುವ ಆಯ್ಕೆ. ಕಲಸಿದ ಮೇಲೆ ಅ ಯಾವುದು, ಇ ಯಾವುದು? ಓದಿದರೆ ವಾಕ್ಯ ಸರಿಯಾಗಿಯೇ ಕಾಣುತ್ತದೆ, ಉತ್ತರ ಮಾತ್ರ ಸುಳ್ಳು. ಹುಡುಗರು ಜಗಳಕ್ಕೇ ಬಂದರು, ಅವರದೇ ಸರಿ ಇತ್ತು.

ಈಗ ಒಂದು ಕಾಲಂ ಹೆಚ್ಚಿಗೆ ಇಟ್ಟಿದ್ದೇವೆ, "ಕದಲಿಸಬೇಡ" ಅಂತ. ಒಂದು ಆಯ್ಕೆ ಇನ್ನೊಂದು ಆಯ್ಕೆಯ ಹೆಸರು ಹೇಳುತ್ತಿದ್ದರೆ ಅಲ್ಲಿ ಟಿಕ್. ಆ ಪ್ರಶ್ನೆಯ ಆಯ್ಕೆ ನಾಲ್ಕೂ ಸೆಟ್‌ನಲ್ಲಿ ಇದ್ದ ಕ್ರಮದಲ್ಲೇ ಇರುತ್ತದೆ.

ಬಾದಾಮಿ ಟೀಚರ್

ಸರ್, ನಾನು ಕೇಳಿದ್ದು ಸೆಟ್ ಬಗ್ಗೆ ಅಲ್ಲ, ಆದರೂ ಒಳ್ಳೆಯದಾಯಿತು. ನನ್ನ ಫೈಲಿನಲ್ಲೂ "ಮೇಲಿನ ಎಲ್ಲವೂ" ಏಳು ಕಡೆ ಇದೆ, ಗುರುತು ಹಾಕಿಕೊಂಡೆ.

ಟಿಳಕವಾಡಿ ಅವರೇ, ನಿಮ್ಮ ಕೋಡನ್ನು ನಮ್ಮ ತಮ್ಮನಿಂದ ಓಡಿಸಿದೆ. 1ರಿಂದ 60ರಲ್ಲಿ ಎಲ್ಲವೂ ಐದು ತುಂಡು. 61ರಿಂದ 80 ಎಲ್ಲವೂ ಮೂರು ತುಂಡು. ಅಂದರೆ ಒಡೆಯುವುದರಲ್ಲಿ ನಾನು ತಪ್ಪಿರಲಿಲ್ಲ. ಆದರೂ 52 ಭೀಮಾ ಅಂತಲೇ ಇದೆ.

ನವನಗರ ಡಿಟಿಪಿ

ಅಕ್ಕೋರ, ಬಾಗಲಕೋಟಿ ನವನಗರದಾಗ ಇಪ್ಪತ್ತು ವರ್ಷದಿಂದ ಡಿಟಿಪಿ ಅಂಗಡಿ ಐತಿ ನಂದು. ಪ್ರಶ್ನೆಪತ್ರಿಕೆ ಹೊಡದು ಹೊಡದು ಕೈ ಪಳಗ್ಯಾವ. ನಿಮ್ಮ ಫೈಲಿನ್ಯಾಗ ಎರಡು ಬ್ಯಾರೆ ಬ್ಯಾರೆ ಗಂಟು ಅದಾವ, ಒಂದಕ್ಕೊಂದು ಸಂಬಂಧ ಇಲ್ಲ. ಒಂದೊಂದಾಗಿ ಬಿಚ್ಚೋಣು.

ಮೊದಲು ಒಂದು ಮಾತು ಹೇಳ್ರಿ. ಕೀ ಉತ್ತರದ ಪ್ಯಾರಾದಾಗ ಕೊನೀ ನಂಬರ್ ಎಷ್ಟೈತಿ? 80 ಐತೋ, ಬ್ಯಾರೆ ಐತೋ? ಆಮ್ಯಾಲ ಮೂಲ ವರ್ಡ್ ಫೈಲಿನ್ಯಾಗ ಪ್ರಶ್ನೆ ನಂಬರಿನ ಮ್ಯಾಲ ಒಮ್ಮೆ ಕ್ಲಿಕ್ ಮಾಡ್ರಿ. ನಂಬರ್ ಅಷ್ಟೂ ಒಮ್ಮೆಲೇ ಬೂದಿ ಬಣ್ಣಕ್ಕ ತಿರಗತಾವೇನು?

ಬಾದಾಮಿ ಟೀಚರ್

ಕೀಯಲ್ಲಿ ಕೊನೆಯದು 81-ಇ. ಮೂರನೇ ಥರದ ಮೊದಲ ಪ್ರಶ್ನೆಯದ್ದು ಇರಬೇಕು ಅಂತ ಬಿಟ್ಟಿದ್ದೆ. ನಂಬರ್ ಮೇಲೆ ಕ್ಲಿಕ್ ಮಾಡಿದರೆ ಹೌದು, ಎಲ್ಲ ನಂಬರೂ ಒಟ್ಟಿಗೇ ಬೂದಿಯಾಗುತ್ತವೆ. ಅಕ್ಷರದ ಹಾಗೆ ಒಂದೊಂದೇ ಸೆಲೆಕ್ಟ್ ಆಗುವುದಿಲ್ಲ.

ನವನಗರ ಡಿಟಿಪಿ

ಸಿಕ್ಕಿತು ನೋಡ್ರಿ. ಆ ನಂಬರ್ ಮಾಸ್ತರು ಟೈಪ್ ಮಾಡಿದ್ದಲ್ಲ, ವರ್ಡ್ ತಾನಾಗೇ ಹಾಕಿದ್ದು. ನಡುವಿಂದು ಒಂದು ಪ್ರಶ್ನೆ ತಗದ್ರ ಕೆಳಗಿನವೆಲ್ಲ ಒಂದೊಂದು ಮ್ಯಾಲ ಸರದು ತಾವೇ ಹೊಸ ನಂಬರ್ ಹಾಕ್ಕೋತಾವ. ಆದ್ರ ಕೊನೀ ಪುಟದ ಕೀ ಕೈಲೆ ಟೈಪ್ ಮಾಡಿದ್ದು. ಅದು ಸರಿಯೂದಿಲ್ಲ, ಹಳೇ ನಂಬರಿಗೇ ಕೂತಿರತೈತಿ. ಮಾಸ್ತರು ಎಂದೋ ಒಂದು ಪ್ರಶ್ನೆ ತಗದಾರ, ಕೀ ತಿದ್ದೂದು ಮರತಾರ. ಪ್ರಶ್ನೆ 80, ಕೀ 81. ಆ ಒಂದು ಜಾಗದಿಂದ ಕೆಳಗ ಪ್ರತಿ ಪ್ರಶ್ನೆಗೂ ಅದರ ಹಿಂದಿನ ಮನೀ ಉತ್ತರ ಬಂದು ಕೂತೈತಿ. ನಿಮ್ಮ ಗೋಕಾಕ ಈಗ 52. ಮೊದಲಿಗೆ ಅದು 53 ಇತ್ತು. ನೀವು ಕೊಟ್ಟ ಭೀಮಾದ ಅಕ್ಷರ ಮೊದಲಿನ 52ನೇ ಪ್ರಶ್ನೆದ್ದು. ಕೀಯೊಳಗಿನ 53 ನೋಡ್ರಿ, ಘಟಪ್ರಭಾದ ಅಕ್ಷರ ಇರಬೇಕು.

ಎಂಬತ್ತೂ ನೋಡೂದು ಬ್ಯಾಡ. ಅರ್ಧಕ್ಕ ಅರ್ಧ ಮುರಕೋತ ಹೋಗ್ರಿ. 40ನೇದು ನೋಡ್ರಿ. ತಪ್ಪಿದ್ರ ಸರದ ಜಾಗ ಅಲ್ಲೇ ಅಥವಾ ಅದಕ್ಕಿಂತ ಮ್ಯಾಲ ಐತಿ, 20 ನೋಡ್ರಿ. ಸರಿ ಇದ್ರ 30. ಹಿಂಗ ಆರೇಳು ಸಲಕ್ಕ ಸಿಕ್ಕಬಿಡತೈತಿ. ಒಂದು ಎಚ್ಚರ: ಆಯ್ಕೆ ನಾಲ್ಕೇ ಇರೂದ್ರಿಂದ ಸರದ ಕೀನೂ ಒಮ್ಮೊಮ್ಮೆ ಗುರಿಗೆ ಬಡೀತೈತಿ. ಅಕ್ಕಪಕ್ಕದ ಎರಡು ಪ್ರಶ್ನೆಗೆ ಒಂದೇ ಅಕ್ಷರ ಇದ್ರ ತಪ್ಪು ಕಾಣೂದೇ ಇಲ್ಲ. ಅದಕ್ಕ ಪ್ರತಿ ಜಾಗದಾಗೂ ಒಂದ ಪ್ರಶ್ನೆ ನೋಡಿ ತೀರ್ಮಾನಕ್ಕ ಬರಬ್ಯಾಡ್ರಿ. ಆಜುಬಾಜು ಮೂರು ನೋಡ್ರಿ, ನಿಮಗ ಉತ್ತರ ಖಚಿತ ಗೊತ್ತಿರೂವು.

ಎರಡನೇ ಗಂಟು ರಾತ್ರಿ ಅಂಗಡಿ ಮುಚ್ಚಿ ಬರೀತೀನಿ. ಅಲ್ಲೀತನಕ ಆ ಹುಡುಗ ಹೇಳಿದ್ಹಂಗ 61ರಿಂದ 80 ತಿದ್ದಬ್ಯಾಡ್ರಿ.

ಬಾದಾಮಿ ಟೀಚರ್

ಈಗಷ್ಟೇ ಮಾಡಿ ಮುಗಿಸಿದೆ. 40 ತಪ್ಪು. 20 ಸರಿ. 30 ಸರಿ. 35 ಸರಿ. 37 ಸರಿ. 38 ತಪ್ಪು. ಆರು ನೋಟಕ್ಕೆ ಸಿಕ್ಕಿತು. 40ರ ಹತ್ತಿರ ನೀವು ಹೇಳಿದ ಎಚ್ಚರ ಕೆಲಸಕ್ಕೆ ಬಂತು. 39ನೇ ಪ್ರಶ್ನೆಗೂ ಸರದ ಕೀ ಸರಿಯಾಗಿಯೇ ಕಾಣುತ್ತಿತ್ತು, ಕೀಯಲ್ಲಿ 39, 40 ಎರಡೂ ಆ. ಅದೊಂದನ್ನೇ ನೋಡಿದ್ದರೆ ಸರಿ ಅಂತ ಮುಂದೆ ಹೋಗುತ್ತಿದ್ದೆ. ಕೀಯಿಂದ 38-ಇ ಅನ್ನುವುದನ್ನು ತೆಗೆದು ಕೆಳಗಿನದನ್ನೆಲ್ಲ ಒಂದು ಮನೆ ಮೇಲೆ ಎತ್ತಿದೆ. ಗೋಕಾಕ ಈಗ ಘಟಪ್ರಭಾ.

ಮಾಸ್ತರರಿಗೆ ಫೋನ್ ಮಾಡಿದ್ದೆ. ತಕ್ಷಣ ನೆನಪು ಮಾಡಿಕೊಂಡರು. ಅಲ್ಲಿ "ಬಾಗಲಕೋಟೆ ಯಾವ ಜಿಲ್ಲೆಯ ತಾಲ್ಲೂಕು" ಅನ್ನುವ ಪ್ರಶ್ನೆ ಇತ್ತಂತೆ, ಅವರ ಹಳೆಯ ನೋಟ್ ಪುಸ್ತಕದಿಂದ ಇಳಿದದ್ದು. 1997ರಲ್ಲಿ ಬಾಗಲಕೋಟೆಯೇ ಜಿಲ್ಲೆ ಆಯಿತಲ್ಲ, ಇನ್ನು ಈ ಪ್ರಶ್ನೆ ಸಲ್ಲದು ಅಂತ ತೆಗೆದುಹಾಕಿದರಂತೆ.

ಮುಧೋಳ ಓದುಗ

ಒಂದು ಸಂಶಯ. ಪ್ರಶ್ನೆ 80, ಕೀ 81 ಅಂತ ಇದ್ದದ್ದಕ್ಕೆ ಸಿಕ್ಕಿತು. ಒಂದನ್ನು ತೆಗೆದು ಕೊನೆಗೆ ಇನ್ನೊಂದು ಸೇರಿಸಿದ್ದರೆ ಎರಡೂ ಕಡೆ 81 ಆಗುತ್ತಿತ್ತು. ಆಗ ಎಣಿಕೆ ಸರಿ, ಒಳಗೆ ಎಲ್ಲ ತಪ್ಪು. ಅದನ್ನು ಹಿಡಿಯುವುದು ಹೇಗೆ?

ನವನಗರ ಡಿಟಿಪಿ

ಖರೇ ಮಾತು. ಎಣಿಕೆ ಸರಿ ಬಂತಂದ್ರ ಎಲ್ಲಾ ಸರಿ ಅಂತ ಅಲ್ಲ. ಅದಕ್ಕ ಒಂದ ಮದ್ದು, ಉತ್ತರವನ್ನ ಅಕ್ಷರದಾಗ ಇಡಬ್ಯಾಡ್ರಿ, ಮಾತಿನ್ಯಾಗ ಇಡ್ರಿ. ಶೀಟಿನ್ಯಾಗ B ಪ್ರಶ್ನೆ, C ಇಂದ F ಆಯ್ಕೆ, G ಒಳಗ ಎಷ್ಟನೇ ಆಯ್ಕೆ ಅನ್ನೂ ಅಂಕಿ. H ಒಳಗ ಇದನ್ನ ಹಾಕಿ ಕೆಳಗಿನತನಕ ಎಳೀರಿ:

```
=INDEX(C2:F2, G2)
```

ಅಲ್ಲಿ "ರವಿಕೀರ್ತಿ" "ಘಟಪ್ರಭಾ" ಅಂತ ಪೂರ್ತಿ ಹೆಸರೇ ಬರತೈತಿ. ಆಮ್ಯಾಲ C ಇಂದ G ತನಕ ಮುಚ್ಚಿಬಿಡ್ರಿ. ಪ್ರಶ್ನೆ ಮತ್ತು H ಎರಡ ಉಳೀತಾವ. ಎಂಬತ್ತು ಸಾಲು ಓದಾಕ ಹತ್ತು ನಿಮಿಷ ಬೇಕಾಗೂದಿಲ್ಲ, ತಪ್ಪು ತಾನಾಗೇ ಕಣ್ಣಿಗೆ ಚುಚ್ಚತೈತಿ. "ಇ" ಅಂತ ಬರದಿದ್ರ ಅದು ತಪ್ಪೋ ಸರಿಯೋ ಯಾರಿಗೂ ತಿಳಿಯೂದಿಲ್ಲ. "ಗೋಕಾಕ ಜಲಪಾತ, ಭೀಮಾ" ಅಂತಿದ್ರ ಒಂಬತ್ತನೇತ್ತೆ ಹುಡುಗೀಗೂ ತಿಳೀತೈತಿ.

ಮೂಲ ಫೈಲಿನ ನಂಬರನ್ನೂ ಒಂದು ಕಾಲಂ ಮಾಡಿ ಉಳಿಸ್ಕೋರಿ. ತಾನಾಗೇ ಬಂದ ನಂಬರ್ ಕಾಪಿ ಮಾಡಿದ್ರ ಒಮ್ಮೊಮ್ಮೆ ಬರೂದೇ ಇಲ್ಲ. ಅದನ್ನ ಖರೇ ಅಕ್ಷರ ಮಾಡಾಕ ವರ್ಡಿನ್ಯಾಗ Alt+F11, ಆಮ್ಯಾಲ Ctrl+G ಒತ್ತಿ, ಕೆಳಗಿಂದು ಅಂಟಿಸಿ ಎಂಟರ್ ಹೊಡೀರಿ:

```
ActiveDocument.Range.ListFormat.ConvertNumbersToText
```

ಈಗ ಎರಡನೇ ಗಂಟು. ಹಳೇ ನುಡಿ ಫಾಂಟಿನ್ಯಾಗ ಕನ್ನಡ ಅಂತ ಕಾಣತೈತಿ, ಆದ್ರ ಒಳಗ ಇರೂದು ಇಂಗ್ಲಿಷ್ ಕೀಲಿಯ ಅಕ್ಷರ. ಫಾಂಟ್ ಬದಲು ಮಾಡಿದ್ರ "ಕನ್ನಡ" ಅನ್ನೂದು `PÀ£ÀßqÀ` ಅಂತ ಕಾಣತೈತಲ್ಲ, ಅದೇ. ಆ ಲೆಕ್ಕದಾಗ `A` ಅಂದ್ರ ಅನುಸ್ವಾರ, `B` ಅಂದ್ರ ವಿಸರ್ಗ, `C` ಅಂದ್ರ ಅ, `D` ಅಂದ್ರ ಆ. ನಿಮ್ಮ 61ರಿಂದ 80 ಯಾರೋ ಬ್ಯಾರೇದವರು ಟೈಪ್ ಮಾಡಿರಬೇಕು. ಅವರು ಆಯ್ಕೆಗೆ `A) B) C) D)` ಅಂತ ಇಂಗ್ಲಿಷ್ ಫಾಂಟಿನ್ಯಾಗ ಹಾಕ್ಯಾರ. ಪಠ್ಯ ಅಷ್ಟ ತಗೊಳ್ಳೂ ಕನ್ವರ್ಟರಿಗೆ ಫಾಂಟ್ ಕಾಣೂದಿಲ್ಲ. ಎಲ್ಲಾ ನುಡಿನೇ ಅಂತ ತಿಳಕೊಂಡು ನಾಲ್ಕನ್ನೂ ಕನ್ನಡ ಮಾಡೈತಿ: ಂ) ಃ) ಅ) ಆ).

ಅಂದ್ರ ಅಲ್ಲಿ ಕಾಣೂ ಅ) ಮೊದಲನೇ ಆಯ್ಕೆ ಅಲ್ಲ, ಮೂರನೇದು. ಹುಡುಗ ಹೇಳಿದ್ಹಂಗ ಅ) ಮೊದಲು ತಂದಿಟ್ಟಿದ್ರ ಲಾಹೋರ್ ಮೊದಲನೇ ಆಯ್ಕೆ ಆಗತಿತ್ತು. ಮಾಸ್ತರ ಕೀ ಅಲ್ಲಿ ಅ ಅಂತಿದ್ರ ಗಾಂಧೀಜಿ ಅಧ್ಯಕ್ಷತೆ ಲಾಹೋರಿಗೆ ಹೋಗತಿತ್ತು. ಅವರು ಅಧ್ಯಕ್ಷರಾಗಿದ್ದು ಒಂದ ಅಧಿವೇಶನಕ್ಕ, 1924ರ ಬೆಳಗಾವಿಗೆ. ಐದು ತುಂಡು ಬಂದಾವ ಅಂತ ಕೋಡ್ ಸುಮ್ಮನಿರತಿತ್ತು.

ಟಿಳಕವಾಡಿ ಹುಡುಗ

ಕಾಕಾ, ತಪ್ಪು ಒಪ್ಪಿಕೊಂಡೆ. ನುಡಿಯ ಒಳಗಿನ ಲೆಕ್ಕ ನನಗೆ ಗೊತ್ತಿರಲಿಲ್ಲ, ನಾನು ಯೂನಿಕೋಡ್ ಬಂದ ಮೇಲೆ ಕಂಪ್ಯೂಟರ್ ಕಲಿತವನು. ಹಾಗಾದರೆ ಕೋಡಿನಲ್ಲಿ 61ರಿಂದ 80ಕ್ಕೆ ಮಾತ್ರ ಬೇರೆ ಗುರುತು ಕೊಟ್ಟರೆ ಸಾಕಲ್ಲ:

```python
parts = re.split(r'\s*[ಂಃಅಆ]\)\s*', line)
```

ಅಕ್ಷರ ಯಾವುದೇ ಇರಲಿ, ಬಂದ ಕ್ರಮದಲ್ಲೇ 1, 2, 3, 4 ಅಂತ ತಗೊಳ್ಳುವುದು.

ನವನಗರ ಡಿಟಿಪಿ

ಹೌದಪಾ, ಹಂಗ ಮಾಡಿದ್ರ ಸರಿ. ಕ್ರಮ ನಂಬು, ಅಕ್ಷರ ನಂಬಬ್ಯಾಡ. ಅಕ್ಕೋರ ಕೋಡ್ ಇಲ್ಲದ ಮಾಡೂದಿದ್ರ, ಕನ್ವರ್ಟ್ ಮಾಡೂಕಿಂತ ಮೊದಲ ಮೂಲ ಫೈಲಿನ ಒಂದು ನಕಲು ತಗೊಂಡು, 61ರಿಂದ 80 ಅಷ್ಟ ಸೆಲೆಕ್ಟ್ ಮಾಡಿ, ರಿಪ್ಲೇಸಿನ್ಯಾಗ `A)` ಹುಡುಕಿ ಅದರ ಜಾಗಕ್ಕ `^t` ಹಾಕ್ರಿ. ಹಂಗ ಉಳಿದ ಮೂರಕ್ಕೂ. `^t` ಅಂದ್ರ ಟ್ಯಾಬ್. ಅದಕ್ಕ ಭಾಷೆ ಇಲ್ಲ, ಕನ್ವರ್ಟರ್ ಮುಟ್ಟೂದಿಲ್ಲ. ಆಮ್ಯಾಲ ಶೀಟಿಗೆ ಅಂಟಿಸಿದ್ರ ಟ್ಯಾಬ್ ಇದ್ದಲ್ಲಿ ತಾನಾಗೇ ಕಾಲಂ ಒಡೀತೈತಿ. ಪೂರಾ ಫೈಲಿಗೆ ಒಮ್ಮೆಲೇ ಮಾಡಬ್ಯಾಡ್ರಿ. ನುಡಿಯೊಳಗ ಕನ್ನಡದ ಅ) ಕೂಡ `C)` ಅಂತನ ಇರತೈತಿ. ಮೊದಲಿನ ಅರವತ್ತಕ್ಕೂ ಬಡದು ಅ) ಆ) ಹಾರಿಹೋಗಿ ಇ) ಈ) ಅಷ್ಟ ಉಳೀತಾವ.

ಗೋಳಗುಮ್ಮಟದ್ದು ಸರಳ ಐತಿ. "(ಎರಡನೆಯದು)" ಅನ್ನೂದು ಎರಡನೇ ಅಲಿ ಆದಿಲ್ ಶಾ ಅಂತ ಅಲ್ರಿ. ಎರಡನೆಯ ಆಯ್ಕೆ ಸರಿ ಅಂತ ಮಾಸ್ತರ ಗುರುತು. ಎರಡನೇದು ಮೊಹಮ್ಮದ್ ಆದಿಲ್ ಶಾ, ಅದೇ ಖರೇ. 81ರಿಂದ ಮುಂದ ಪ್ರತಿಯೊಂದರ ಕೊನೀಗೂ ಹಿಂಗ ಒಂದು ಕಂಸ ಇರಬೇಕು, ನೋಡ್ರಿ.

ಬಾದಾಮಿ ಟೀಚರ್

ಇದೆ! "(ಮೊದಲನೆಯದು)" "(ನಾಲ್ಕನೆಯದು)" ಅಂತ ಎಲ್ಲದರ ಕೊನೆಗೂ ಇದೆ. ಬಾರಾಕಮಾನ್ ಎರಡನೇ ಅಲಿ ಆದಿಲ್ ಶಾನ ಸಮಾಧಿ ಅಂತ ಪಾಠ ಮಾಡಿ ಮಾಡಿ, ಆ ಹೆಸರಿನ ಪಕ್ಕ "ಎರಡನೆಯ" ಅಂತ ಕಂಡ ಕೂಡಲೇ ಹೆಸರಿಗೇ ಸೇರಿಸಿ ಓದಿಬಿಟ್ಟಿದ್ದೆ. ಉಳಿದವು ಹೆಸರಿಗೆ ಹೊಂದದ್ದರಿಂದ ಅದೇನೋ ಅಂತ ಅಳಿಸುತ್ತಾ ಬಂದಿದ್ದೆ. ಮೂಲ ಫೈಲ್ ಮುಟ್ಟಿರಲಿಲ್ಲ, ಅದರಿಂದ ಉಳಿಯಿತು.

ಈ 38 ಪ್ರಶ್ನೆ ಕೈಯಿಂದಲೇ ಮಾಡುತ್ತೇನೆ. ಅಲ್ಪವಿರಾಮದ ಮೇಲೆ ಒಡೆದರೆ "ಬಸವನ ಬಾಗೇವಾಡಿ, ವಿಜಯಪುರ ಜಿಲ್ಲೆ" ಅನ್ನುವ ಒಂದೇ ಆಯ್ಕೆ ಎರಡಾಗುತ್ತದೆ.

ಇಳಕಲ್ ಅಕ್ಕ

ಕೈಯಿಂದ ಟೈಪ್ ಮಾಡುತ್ತೀರಿ ಅಂದಿರಿ, ಅದಕ್ಕೆ ಹೇಳುತ್ತಿದ್ದೇನೆ. ನಮ್ಮ ಮಹಿಳಾ ಸಂಘದ ಕ್ವಿಜ್‌ಗೆ ನಾನು ಉತ್ತರವನ್ನು ಪದದಲ್ಲೇ ಟೈಪ್ ಮಾಡಿಟ್ಟಿದ್ದೆ, ಸೂತ್ರದಿಂದ ತಂದದ್ದಲ್ಲ. ಆ ಪದ ನಾಲ್ಕು ಆಯ್ಕೆಯಲ್ಲಿ ಒಂದೇ ಸಲ ಇದೆಯೇ ಅಂತ ಪರೀಕ್ಷಿಸಲು ಪಕ್ಕದಲ್ಲಿ ಇದನ್ನು ಹಾಕಿದ್ದೆ:

```
=COUNTIF(C2:F2, H2)
```

1 ಬಂದರೆ ಸರಿ. 2 ಬಂದರೆ ಒಂದೇ ಆಯ್ಕೆ ಎರಡು ಕಡೆ ಇದೆ. 0 ಬಂದರೆ ಉತ್ತರ ಆಯ್ಕೆಯಲ್ಲೇ ಇಲ್ಲ. ಕೃಷ್ಣಾ ಮಲಪ್ರಭಾ ಸೇರುವ ಜಾಗ ಯಾವುದು ಅನ್ನುವುದಕ್ಕೆ ನನಗೆ 0 ಬಂತು. ಆಯ್ಕೆಯಲ್ಲೂ ಕೂಡಲಸಂಗಮ, ಉತ್ತರದಲ್ಲೂ ಕೂಡಲಸಂಗಮ. ಅರ್ಧ ಗಂಟೆ ನೋಡಿದೆ. ಕೊನೆಗೆ ಅಕ್ಷರ ದೊಡ್ಡದು ಮಾಡಿದಾಗ ಕಂಡಿತು: ಒಂದರಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ, "ಕೂಡಲಸ೦ಗಮ". ಕಣ್ಣಿಗೆ ಎರಡೂ ಒಂದೇ ದುಂಡು, ಕಂಪ್ಯೂಟರಿಗೆ ಬೇರೆ ಬೇರೆ.

ಸೊನ್ನೆಯನ್ನೆಲ್ಲ ಒಟ್ಟಿಗೆ ಬದಲಿಸಬೇಡಿ, ೧೦ ಅನ್ನುವುದು ೧ಂ ಆಗುತ್ತದೆ. ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನಷ್ಟೇ ಬದಲಿಸುವ ಸೂತ್ರ ಇದು:

```
=REGEXREPLACE(C2,"([ಅ-ಹಾ-ೌ])೦","$1ಂ")
```

ಇದು ಗೂಗಲ್ ಶೀಟಿನಲ್ಲಿ ನಡೆಯುತ್ತದೆ.

ಟಿಳಕವಾಡಿ ಹುಡುಗ

ಅಕ್ಕಾ, ಒಂದು ಸೇರಿಸುತ್ತೇನೆ. ಶೀಟಿಗೆ ಅಂಟಿಸುವ ಮೊದಲು ಆಯ್ಕೆಯ ಕಾಲಂಗಳನ್ನೆಲ್ಲ ಪ್ಲೇನ್ ಟೆಕ್ಸ್ಟ್ ಮಾಡಿಕೊಳ್ಳಿ. ಹೇಳಿಕೆ ಪ್ರಶ್ನೆಗಳಲ್ಲಿ ಆಯ್ಕೆ "1-3" ಅಂತಿದ್ದರೆ ಶೀಟ್ ಅದನ್ನು ತಾರೀಖು ಅಂತ ತಿಳಿದುಕೊಳ್ಳುತ್ತದೆ. ಆಮೇಲೆ ಪ್ಲೇನ್ ಟೆಕ್ಸ್ಟ್ ಮಾಡಿದರೆ ಹಳೆಯದು ವಾಪಸ್ ಬರುವುದಿಲ್ಲ.

ಬಾದಾಮಿ ಟೀಚರ್

118ರಲ್ಲಿ 117 ಕೂತವು. ಪ್ರಶ್ನೆ ಮತ್ತು ಉತ್ತರದ ಕಾಲಂ ಮಾತ್ರ ಉಳಿಸಿಕೊಂಡು ಮೇಲಿಂದ ಕೆಳಗೆ ಓದಿದೆ. ಮೊದಲ 80ರಲ್ಲಿ ಇನ್ನೊಂದು ತಪ್ಪು ಕಂಡಿತು, ಅದು ನಾನೇ ಅಂಕಿ ತಪ್ಪು ಒತ್ತಿದ್ದು.

ಉಳಿದದ್ದು 23ನೇ ಪ್ರಶ್ನೆ. "ಬಾದಾಮಿ ಯಾವ ಜಿಲ್ಲೆಯಲ್ಲಿದೆ ಅ) ಧಾರವಾಡ ಆ) ಬಿಜಾಪುರ ಇ) ಬೆಳಗಾವಿ ಈ) ರಾಯಚೂರು". ಕೀ ಆ. ಇದೂ ಹಳೆಯ ನೋಟ್ ಪುಸ್ತಕದ್ದೇ, ಮಾಸ್ತರರ ಕಣ್ಣಿಗೆ ತಪ್ಪಿಸಿಕೊಂಡಿದೆ. ಈಗ ನಾಲ್ಕೂ ತಪ್ಪು. ಏನು ಮಾಡಲಿ?

ಮುಧೋಳ ಓದುಗ

ತಿದ್ದಿಬಿಡಿ. ಆ) ಜಾಗದಲ್ಲಿ ಬಾಗಲಕೋಟೆ ಹಾಕಿ, ಕೀ ಹಾಗೇ ಇರುತ್ತದೆ. ಮಕ್ಕಳ ಮುಂದೆ ತಪ್ಪು ಪ್ರಶ್ನೆ ಇಡುವುದು ಬೇಡ. ಬಿಜಾಪುರ ಅಂತ ಬೇರೆಲ್ಲಿದ್ದರೂ ವಿಜಯಪುರ ಮಾಡಿ, 2014ರಿಂದ ಹೆಸರೇ ಅದಲ್ಲವೇ.

ನವನಗರ ಡಿಟಿಪಿ

ನಾ ಒಪ್ಪೂದಿಲ್ಲ. ಕಾಲಂ ಮಾಡೂ ಕೆಲಸದಾಗ ಪ್ರಶ್ನೆ ತಿದ್ದೂ ಕೆಲಸ ಕೂಡಿಸಬಾರದು. ಈಗ ಮೂಲಕ್ಕ ಮತ್ತು ಶೀಟಿಗೆ ವ್ಯತ್ಯಾಸ ಕಂಡ್ರ ಅದು ಒಡೆಯುವಾಗ ಆದ ತಪ್ಪು ಅಂತ ಗೊತ್ತಾಗತೈತಿ. ನಡುವ ತಿದ್ದಿದ್ರ ಯಾವುದು ತಪ್ಪು, ಯಾವುದು ಬೇಕಂತ ಬದಲು ಮಾಡಿದ್ದು, ಆರು ತಿಂಗಳ ಮ್ಯಾಲ ನಿಮಗೂ ತಿಳಿಯೂದಿಲ್ಲ. ಇದ್ದಂಗ ಇಡ್ರಿ, ಪಕ್ಕದಾಗ ಒಂದು ಷರಾ ಕಾಲಂ ಮಾಡಿ "1997ರ ಮೊದಲಿನದು, ಕೇಳಬ್ಯಾಡ" ಅಂತ ಬರೀರಿ. ಮಾಸ್ತರು 38 ತಗದು ಕೀ ಬಿಟ್ಟದ್ದೂ ಹಿಂಗ ನಡುವ ತಿದ್ದಿದ್ದಕ್ಕ ಅಲ್ಲೇನು?

ವಿಜಯಪುರ ಕೋಚಿಂಗ್

ಆದರೆ ಷರಾ ಯಾರು ಓದುತ್ತಾರೆ, ಸರ್? ನಮ್ಮಲ್ಲಿ ಟೆಸ್ಟ್ ತೆಗೆಯುವ ಹುಡುಗ ಶೀಟಿನಿಂದ ಹತ್ತು ಸಾಲು ಎತ್ತಿಕೊಂಡು ಪ್ರಿಂಟ್ ಕೊಡುತ್ತಾನೆ. ತಪ್ಪು ಪ್ರಶ್ನೆ ಶೀಟಿನಲ್ಲಿ ಇದ್ದರೆ ಒಂದಲ್ಲ ಒಂದು ದಿನ ಹೊರಗೆ ಬಂದೇ ಬರುತ್ತದೆ.

ನವನಗರ ಡಿಟಿಪಿ

ಹಂಗಾದ್ರ ಇದ್ದಂಗ ಇರೂ ಶೀಟ್ ಒಂದು, ಕೇಳೂ ಶೀಟ್ ಒಂದು, ಎರಡು ಇಡಬೇಕು. ಕೆಲಸ ಹೆಚ್ಚು, ಆದ್ರ ನಾನಂತೂ ಮೂಲ ಮುಟ್ಟೂದಿಲ್ಲ.

ಬಾದಾಮಿ ಟೀಚರ್

ಇಬ್ಬರ ಮಾತಿನಲ್ಲೂ ಹುರುಳಿದೆ, ಇನ್ನೂ ತೀರ್ಮಾನ ಮಾಡಿಲ್ಲ. ಸದ್ಯಕ್ಕೆ 23ನೇ ಸಾಲಿಗೆ ಹಳದಿ ಬಣ್ಣ ಬಳಿದಿಟ್ಟಿದ್ದೇನೆ. ಭಾನುವಾರ ಮಾಸ್ತರರ ಮನೆಗೆ ಹೋಗುತ್ತಿದ್ದೇನೆ, ಶೀಟ್ ಪ್ರಿಂಟ್ ತೆಗೆದುಕೊಂಡು. 61ರಿಂದ 80 ಟೈಪ್ ಮಾಡಿದ್ದು ಯಾರು ಅಂತಲೂ ಕೇಳುತ್ತೇನೆ, ಅವರ ಹತ್ತಿರ ಇಂಥ ಫೈಲ್ ಇನ್ನೂ ಇರಬಹುದು. ಗೋಕಾಕದ ಹುಡುಗಿಗೆ ನಾಳೆ ತರಗತಿಯಲ್ಲಿ, ನಿನ್ನ ಮಾತಿನಿಂದಲೇ 43 ಉತ್ತರ ನೆಟ್ಟಗಾದವು ಅಂತ ಹೇಳುವವಳಿದ್ದೇನೆ.

ಮುಧೋಳ ಓದುಗ

38ರಿಂದ 80, ಒಟ್ಟು 43 ಸಾಲು ಸರಿದದ್ದು ಸರಿ. ಆದರೆ 39ನೆಯದು ಸರಿದಾಗಲೂ ಸರಿಯಾಗಿಯೇ ಇತ್ತು ಅಂತ ನೀವೇ ಹೇಳಿದಿರಲ್ಲ ಟೀಚರ್. 42 ಅಂತ ಹೇಳಿ, ಅಥವಾ ಇನ್ನೂ ಕಡಿಮೆ. ಹಳೆಯ ಕೀ, ಹೊಸ ಕೀ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಬಾದಾಮಿ ಟೀಚರ್

ಇಟ್ಟು ನೋಡಿದೆ. ಅಕ್ಕಪಕ್ಕ ಒಂದೇ ಅಕ್ಷರ ಇದ್ದದ್ದು ಒಂಬತ್ತು ಕಡೆ. ಹಾಗಾಗಿ 34. ಅವಳಿಗೆ 34 ಅಂತಲೇ ಹೇಳುತ್ತೇನೆ.